ಈ ಮೋಟಾರ್ ಬಾವ್ಯಾಗ ಇಳಸಬಹುದೇನ್ರಿ?

ಪ್ರಶ್ನೆ, ಶಿಗ್ಗಾವಿ ಕಡೆಯ ರೈತ ಮಹಿಳೆ: ಅಪ್ಪ ತೀರಿಕೊಂಡ ಮ್ಯಾಲ ಹೊಲದ ಕೆಲಸ ನಾನೇ ನೋಡಾಕತ್ತೇನ್ರಿ. ಮೂರು ಫೋಟೋ ಹಾಕೇನಿ: ಶೆಡ್ಡಿನಾಗ ಸಿಕ್ಕ ಹಸಿರು ಬಣ್ಣದ ಮೋಟಾರ್, ಬೋರಿನ ಬಾಯಿ, ಬದುವಿನ ಮ್ಯಾಲಿನ ಕೈಪಂಪು. ಯಾವುದಕ್ಕ ಏನಂತಾರ? ಹಸಿರು ಮೋಟಾರನ್ನ ಬಾವಿ ನೀರಾಗ ಇಳಸಬೇಕಂತ ಮಾಡೇನಿ.

ಲಕ್ಷ್ಮೇಶ್ವರದ ರೈತ: ಅಕ್ಕಾರ, ಮಲಗಿದ ಮೋಟಾರ್, ಮುಂದ ಬಸವನಹುಳದಂಗ ಸುತ್ತಿದ ಕೇಸಿಂಗ್ ಐತಿ. ನಮ್ಮ ಬಾವ್ಯಾಗ ನೀರೊಳಗ ಇರೋದೂ ಹಿಂಗ ಐತಿ. ಸಬ್‌ಮರ್ಸಿಬಲ್ಲೇ, ಇಳಸ್ರಿ.

ಪಂಪ್ ರಿಪೇರಿಯವರು, ಗದಗ: ಅಕ್ಕಾರ, ಇನ್ನೂ ಇಳಸಬ್ಯಾಡ್ರಿ. ಲಕ್ಷ್ಮೇಶ್ವರದ ಅಣ್ಣಾರು ಕೇಸಿಂಗ್ ನೋಡಿದ್ದು ಖರೇ, ಆದ್ರ ಅದರ ಮ್ಯಾಲ ತೀರ್ಮಾನ ಆಗೂದಿಲ್ಲ. ದಂಡಿ ಮ್ಯಾಲ ಇಡೋ ಮೋನೋಬ್ಲಾಕಿಗೂ, ನೀರಾಗ ಮುಳುಗಿಸೋ ಓಪನ್‌ವೆಲ್ಲಿಗೂ ಅದೇ ಬಸವನಹುಳ ಇರ್ತೈತಿ, ಎರಡೂ ಸೆಂಟ್ರಿಫ್ಯೂಗಲ್ಲೇ. ಬೋರಿನೊಳಗಿನ ಸಬ್‌ಮರ್ಸಿಬಲ್ ಸೈತ ಒಂದರ ಮ್ಯಾಲೊಂದು ಇಂಪೆಲ್ಲರ್ ಪೇರಿಸಿದ ಸೆಂಟ್ರಿಫ್ಯೂಗಲ್ಲು. ಹಂಗಾಗಿ ಪಂಪಿನ ಮುಖ ಬಿಟ್ಟು ಮೋಟಾರಿನ ಬೆನ್ನು ನೋಡಬೇಕ್ರಿ.

ಮೋನೋಬ್ಲಾಕಿನ ಮೋಟಾರು ಗಾಳಿಯಿಂದ ತಣ್ಣಗಾಗತೈತಿ. ಅದಕ್ಕ ಮೈಮ್ಯಾಲ ಉದ್ದುದ್ದ ಏಣು ಇರ್ತಾವ, ಹಿಂದ ತೂತಿನ ಮುಚ್ಚಳ, ಅದರೊಳಗ ಫ್ಯಾನು. ವೈರು ಜೋಡಿಸಾಕ ಬೋಲ್ಟ್ ಹಾಕಿದ ಸಣ್ಣ ಡಬ್ಬಿ ಇರ್ತೈತಿ. ಓಪನ್‌ವೆಲ್ ತಣ್ಣಗಾಗೋದು ಸುತ್ತಲಿನ ನೀರಿನಿಂದ. ಅದಕ್ಕ ಫ್ಯಾನು ಬೇಕಿಲ್ಲ, ಮೈ ಸಾಮಾನ್ಯವಾಗಿ ನುಣುಪು, ಡಬ್ಬಿ ಇಲ್ಲದ ಕೇಬಲ್ಲು ರಬ್ಬರ್ ಬಿಗಿತದೊಳಗಿಂದ ಸೀದಾ ಹೊರಗ ಬರ್ತೈತಿ.

ನಿಮ್ಮ ಫೋಟೋ ಮುಂದಿನಿಂದ ತಗದದ್ದು, ಬಣ್ಣಾನೂ ದಪ್ಪ ಬಳದಾರ, ನೇಮ್ ಪ್ಲೇಟ್ ಮುಚ್ಚೇತಿ. ಹಿಂದಿನಿಂದ ಒಂದು, ವೈರು ಹೊರಗ ಬರೋ ಜಾಗದ್ದು ಒಂದು ಕಳಸ್ರಿ. ವರ್ಷದ ಹಿಂದ ನನ್ನ ಅಂಗಡಿಗೆ ಇಂಥದ್ದೇ ಬಣ್ಣ ಹಚ್ಚಿದ ಮೋನೋಬ್ಲಾಕ್ ಬಂದಿತ್ತು, ನೀರಾಗ ಇಳಸಿಬಿಟ್ಟಿದ್ರು. ವೈಂಡಿಂಗ್ ಪೂರಾ ಕರ್ರಗಾಗಿತ್ತು. ಕರೆಂಟು ನೀರಿಗೆ ಇಳಿದ ಹೊತ್ತಿನಾಗ ಬಾವ್ಯಾಗ ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಶಿಗ್ಗಾವಿ ಕಡೆಯ ರೈತ ಮಹಿಳೆ: ಹಾಕೇನ್ರಿ ಅಣ್ಣಾರ. ಹಿಂದ ತೂತಿನ ತಗಡು ಐತಿ, ಒಳಗ ಕಪ್ಪು ಪ್ಲಾಸ್ಟಿಕ್ ಫ್ಯಾನು ಕೈಯಿಂದ ತಿರುಗತೈತಿ. ಡಬ್ಬಿನೂ ಐತಿ.

ಪಂಪ್ ರಿಪೇರಿಯವರು, ಗದಗ: ಹಂಗಾದ್ರ ಮೋನೋಬ್ಲಾಕೇ ಅಕ್ಕಾರ, ಮುಳುಗಿಸೋದಲ್ಲ. ಬ್ಯಾಸಿಗ್ಯಾಗ ಬಾವಿ ನೀರು ದಂಡಿಯಿಂದ ಎಷ್ಟು ಕೆಳಗ ಹೋಗತೈತಿ?

ಶಿಗ್ಗಾವಿ ಕಡೆಯ ರೈತ ಮಹಿಳೆ: 35 ಅಡಿ ಆಗತೈತ್ರಿ. 18 ಅಡಿಗೆ ಒಂದು ಕಲ್ಲಿನ ಕಟ್ಟೆ ಐತಿ, ಅಪ್ಪ ಅಲ್ಲೇ ಏನೋ ಇಟ್ಟಿದ್ದ.

ಪಂಪ್ ರಿಪೇರಿಯವರು, ಗದಗ: ನಿಮ್ಮಪ್ಪಾರು ಇಟ್ಟದ್ದು ಇದೇ ಇರಬೇಕು. ಮೋನೋಬ್ಲಾಕು ಕೆಳಗಿನ ನೀರನ್ನ ಸುಮಾರು 20 ಅಡಿ ತನಕ ಎಳಿತೈತಿ. ದಂಡಿ ಮ್ಯಾಲ ಇಟ್ರ 35 ಅಡಿ ಆತು, ಎಷ್ಟು ಹೆಚ್ಚಿನ ಎಚ್‌ಪಿ ಹಾಕಿದ್ರೂ ಎಳಿಯಂಗಿಲ್ಲ. ಕಟ್ಟೆ ಮ್ಯಾಲ ಇಟ್ರ 17 ಅಡಿ, ನಡೀತೈತಿ. ಸಕ್ಷನ್ ಪೈಪಿನ ತುದಿಗೆ ಫುಟ್‌ವಾಲ್ ಹಾಕಿ, ಪೈಪು ಕೇಸಿಂಗು ಎರಡೂ ತುಂಬೋ ತನಕ ನೀರು ಹಾಕೇ ಚಾಲೂ ಮಾಡ್ರಿ. ನಿಲ್ಲಿಸಿದ ಪ್ರತಿ ಸಲಾನೂ ನೀರು ಹಾಕಬೇಕಾತಂದ್ರ ಫುಟ್‌ವಾಲ್ ಸೋರಾಕತ್ತೈತಿ ಅಂತ ತಿಳೀರಿ. ಮಳಿಗಾಲದಾಗ ನೀರು ಕಟ್ಟೆ ಮುಟ್ಟೂದರೊಳಗ ಮೋಟಾರ್ ಮ್ಯಾಲ ತಗೀಲೇಬೇಕು. ಅದೇ ತ್ರಾಸಿಗೆ ಬ್ಯಾಸತ್ತು ಬಾಳ ಮಂದಿ ಓಪನ್‌ವೆಲ್ಲಿಗೆ ಹೋಗ್ಯಾರ.

ಎರಡನೇ ಫೋಟೋದಾಗ ಬೋರಿನ ಬಾಯಿಂದ ಒಂದೇ ಪೈಪು, ಅದರ ಜೋಡಿ ಚಪ್ಪಟಿ ಕೇಬಲ್ಲು. ಒಳಗ ಸಬ್‌ಮರ್ಸಿಬಲ್ ಐತಿ. ಮ್ಯಾಲೊಂದು ಮೋಟಾರಿದ್ದು ಅದರಿಂದ ಬೋರಿಗೆ ಎರಡು ಪೈಪು ಇಳಿದಿದ್ರ ಜೆಟ್ ಅಂತಿದ್ದೆ.

ನವಲಗುಂದದ ರೈತ: ನಮ್ಮದೂ ಬೋರ್ ಸಬ್‌ಮರ್ಸಿಬಲ್, ಸ್ಟಾರ್ಟರ್ ರಿಪೇರಿ ಆದಾಗಿಂದ ನೀರು ಅರ್ಧಕ್ಕ ಅರ್ಧ ಕಡಿಮಿ. ಬೋರ್ ಬತ್ತಿತೇನ್ರಿ?

ಪಂಪ್ ರಿಪೇರಿಯವರು, ಗದಗ: ಫೇಸ್ ಅದಲುಬದಲಾಗಿ ಉಲ್ಟಾ ತಿರಗಾಕತ್ತಿರಬೇಕ್ರಿ. ಮೇನ್ ತಗದು, ಸ್ಟಾರ್ಟರಿನಿಂದ ಹೋಗೋ ಮೂರು ವೈರಿನಾಗ ಎರಡನ್ನ ಅದಲುಬದಲು ಮಾಡ್ಸಿ ನೋಡ್ರಿ. ಆಗಲೂ ಅಷ್ಟೇ ಬಂದ್ರ ನೀರಿನ ಮಟ್ಟ ನೋಡೋಣು.

ಲಕ್ಷ್ಮೇಶ್ವರದ ರೈತ: ನಾನು ಹಿಂದ ತಿರುಗಿಸಿ ನೋಡಿರಲಿಲ್ಲ. ಅಕ್ಕಾರ, ಇಳಸ್ರಿ ಅಂದದ್ದು ನನ್ನ ತಪ್ಪು. ಆ ಕೈಪಂಪು ಕಿತ್ತು ಬೋರಿಗೆ ಸಣ್ಣ ಸಬ್‌ಮರ್ಸಿಬಲ್ ಇಳಸಿದ್ರ ಹೆಂಗ?

ಪಂಪ್ ರಿಪೇರಿಯವರು, ಗದಗ: ಅದು ಇಂಡಿಯಾ ಮಾರ್ಕ್ ಜಾತಿದು. ಮೂರು ಕಾಲು, ಮ್ಯಾಲ ಪೆಟ್ಟಿಗಿ, ಅದರೊಳಗ ಸರಪಳಿ. ಮಾರ್ಕ್ 2 ಇದ್ರ ಒಳಗಿನ ಪೈಪು ಸಣ್ಣದು, 32 ಎಂಎಂ, ವಾಷರ್ ಬದಲಿಸಾಕೂ ಪೈಪೆಲ್ಲ ಎತ್ತಬೇಕು. ಮಾರ್ಕ್ 3 ಇದ್ರ 65 ಎಂಎಂ, ಪಿಸ್ಟನ್ ಒಂದೇ ಮ್ಯಾಲ ಬರ್ತೈತಿ. ಹೊರಗಿನ ಫೋಟೋದಾಗ ಅದನ್ನ ಹೇಳಾಕ ಬರೂದಿಲ್ಲ. ಮೋಟಾರ್ ಹಿಡಿತೈತೋ ಇಲ್ಲೋ ಅನ್ನಾಕ ಹೊರಗಿನ ಕೇಸಿಂಗಿನ ಒಳ ಅಳತಿ ಬೇಕು. ಪಂಚಾಯ್ತಿ ಹಾಕಿದ್ದೋ ನಿಮ್ಮದೋ, ಅದನ್ನೂ ಮೊದಲ ಕೇಳ್ರಿ.

ಶಿಗ್ಗಾವಿ ಕಡೆಯ ರೈತ ಮಹಿಳೆ: ಬೋಲ್ಟ್ ತುಕ್ಕು ಹಿಡದಾವ್ರಿ, ನಮ್ಮ ಪಾನಾಕ ಬಗ್ಗವಲ್ವು. ಸೋಮವಾರ ಊರಾಗಿನ ಫಿಟ್ಟರ್ ಬರ್ತಾನ, ಬಿಚ್ಚಿದ ಮ್ಯಾಲ ಟೇಪು ಹಿಡದು ಫೋಟೋ ಹಾಕ್ತೇನಿ.