ಗುಡ್ಡೆಯ ಅಲಸಂಡೆ ಪ್ರಯೋಗ: ಕಣ್ಣಿಗೆ ಕಾಣುವ ವ್ಯತ್ಯಾಸ ಲೆಕ್ಕದಲ್ಲಿ ಸಿಗುತ್ತಿಲ್ಲ

ಗುಡ್ಡೆತೋಟ, ಬದಿಯಡ್ಕ:
ನಮ್ಮ ಗುಡ್ಡೆಯಲ್ಲಿ ನಾಲ್ಕು ತಟ್ಟುಗಳಿವೆ. ಮೇಲಿನದರಲ್ಲಿ ಒಂದು ಗೇಣು ಅಗೆದರೆ ಮುರಕಲ್ಲು ತಾಗುತ್ತದೆ, ಕೆಳಗಿನದರಲ್ಲಿ ಹಾರೆ ಪೂರ್ತಿ ಇಳಿಯುತ್ತದೆ. ಪ್ರತಿ ತಟ್ಟನ್ನು ಒಂದು ಬ್ಲಾಕ್ ಎಂದು ಹಿಡಿದು, ಅದರಲ್ಲಿ ಒಂದೇ ಅಳತೆಯ ಮೂರು ತುಂಡು ಮಾಡಿ ಅಲಸಂಡೆ ಹಾಕಿದೆ. A ಏನೂ ಹಾಕದ್ದು, B ಹಟ್ಟಿಗೊಬ್ಬರ, C ಹಟ್ಟಿಗೊಬ್ಬರದ ಜೊತೆಗೆ ಸುಡುಮಣ್ಣು. ಕೊಯ್ದದ್ದು ಕಿಲೋದಲ್ಲಿ:

```
ತಟ್ಟು   A   B   C
1 ಮೇಲೆ  5   5   6
2       5   8   7
3       6   8   11
4 ಕೆಳಗೆ  8   9   12
```

ಸರಾಸರಿ 6, 7.5, 9. Excel ನಲ್ಲಿ `Anova: Single Factor` ಕೊಟ್ಟರೆ F 1.98, P-value 0.19 ಬರುತ್ತದೆ. C ಒಂದೂವರೆ ಪಟ್ಟು ಬೆಳೆದರೂ ವ್ಯತ್ಯಾಸವಿಲ್ಲ ಎಂದರೆ ಹೇಗೆ?

ಅಡಿಕೆ ಭಾವ:
ಬ್ಲಾಕ್ ಪಂಚಾಯತಿನಲ್ಲಿ ಇದಕ್ಕೆ ಏನಾದರೂ ಸಹಾಯಧನ ಇದೆಯೇ?

ಪೆರ್ಲ ಮಾಸ್ಟ್ರು:
ಆ ಬ್ಲಾಕ್ ಬೇರೆ, ಭಾವ! ಗುಡ್ಡೆತೋಟದವರೇ, ಯಾವ ತುಂಡಿಗೆ ಯಾವುದು ಎಂದು ಹೇಗೆ ನಿರ್ಧರಿಸಿದಿರಿ?

ಗುಡ್ಡೆತೋಟ:
ಪ್ರತಿ ತಟ್ಟಿಗೂ ಬೇರೆ ಬೇರೆಯಾಗಿ ಚೀಟಿ ಎತ್ತಿದೆ, ಮಾಸ್ಟ್ರೇ.

ಪೆರ್ಲ ಮಾಸ್ಟ್ರು:
ಹಾಗಾದರೆ ಗದ್ದೆಯಲ್ಲಿ ಮಾಡಿದ್ದು ಸರಿ, ತಪ್ಪಿದ್ದು ಲೆಕ್ಕದಲ್ಲಿ. ನಿಮ್ಮ A ಸಾಲನ್ನು ಮಾತ್ರ ನೋಡಿ: 5, 5, 6, 8. ನಾಲ್ಕಕ್ಕೂ ಏನೂ ಹಾಕಿಲ್ಲ, ಆದರೂ 5 ಎಲ್ಲಿ, 8 ಎಲ್ಲಿ? ಅದು ಗುಡ್ಡೆಯ ಇಳಿಜಾರು ಮಾಡಿದ ಕೆಲಸ. ನೀವು ಕೊಟ್ಟ ಲೆಕ್ಕಕ್ಕೆ ತಟ್ಟು ಎಂಬುದೇ ಗೊತ್ತಿಲ್ಲ, ಹಾಗಾಗಿ ಇಡೀ ಇಳಿಜಾರನ್ನು ಅದು Error ಚೀಲಕ್ಕೆ ತುಂಬಿಸಿತು. ಆ ಚೀಲದಲ್ಲಿ ವರ್ಗಮೊತ್ತ 41 ಇದೆ, ಗೊಬ್ಬರದ ಪಾಲು 18 ಮಾತ್ರ.

ಈಗ `Anova: Two-Factor Without Replication` ಕೊಡಿ. ಗೊಬ್ಬರದ 18 ಹಾಗೆಯೇ ಉಳಿಯುತ್ತದೆ. 41ರಲ್ಲಿ 32.33 ತಟ್ಟುಗಳ ಲೆಕ್ಕಕ್ಕೆ ಹೋಗಿ, Error ನಲ್ಲಿ 8.67 ಉಳಿಯುತ್ತದೆ. ನಾಲ್ಕನೆಯ ತಟ್ಟಿನ ಒಳ್ಳೆಯ ಮಣ್ಣು A, B, C ಮೂರಕ್ಕೂ ಒಂದೊಂದು ತುಂಡು ಸಿಕ್ಕಿದೆ, ಆದ್ದರಿಂದ ಅದನ್ನು ಕಳೆದರೆ ಯಾರಿಗೂ ಅನ್ಯಾಯವಾಗುವುದಿಲ್ಲ. `Columns` ಸಾಲಿನಲ್ಲಿ F 6.23, P-value 0.034 ಬರಬೇಕು.

ಇದು ಪುಕ್ಕಟೆ ಅಲ್ಲ. Error ನ df 9ರಿಂದ 6ಕ್ಕೆ ಇಳಿಯುತ್ತದೆ, ದಾಟಬೇಕಾದ F 4.26ರಿಂದ 5.14ಕ್ಕೆ ಏರುತ್ತದೆ. ನಾಲ್ಕು ತಟ್ಟುಗಳೂ ಒಂದೇ ತೆರನಾಗಿದ್ದರೆ ಬ್ಲಾಕ್ ಮಾಡಿ ನಷ್ಟವೇ ಆಗುತ್ತಿತ್ತು.

ಕೃಷಿ ವಿದ್ಯಾರ್ಥಿ:
ಮಾಸ್ಟ್ರು ಹೇಳಿದ್ದು ಸರಿ. ಮುಂದಿನ ಸಲ ಬ್ಲಾಕನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಸೀಳಿದರೆ ಇನ್ನೂ ಒಳ್ಳೆಯದು. ಆಗ ಪ್ರತಿ ಬ್ಲಾಕಿನಲ್ಲೂ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡೂ ಇರುತ್ತವೆ.

ಪೆರ್ಲ ಮಾಸ್ಟ್ರು:
ಅದೇ ಬೇಡ. ಹಾಗೆ ಸೀಳಿದರೆ ಒಂದೇ ಬ್ಲಾಕಿನಲ್ಲಿ A ಮುರಕಲ್ಲಿನ ಮೇಲೆ, C ಕೆಳಗಿನ ಮೆದು ಮಣ್ಣಿನಲ್ಲಿ ಬೀಳಬಹುದು. ಬ್ಲಾಕು ಬ್ಲಾಕುಗಳೆಲ್ಲ ಒಂದೇ ಥರ ಕಾಣುತ್ತವೆ, ಕಳೆಯಲು ಏನೂ ಇರುವುದಿಲ್ಲ, ಇಳಿಜಾರು ಮತ್ತೆ Error ಗೆ ಬರುತ್ತದೆ. ಬ್ಲಾಕಿನ ಒಳಗೆ ಮಣ್ಣು ಒಂದೇ ಆಗಿರಬೇಕು, ಬ್ಲಾಕಿನಿಂದ ಬ್ಲಾಕಿಗೆ ಎಷ್ಟು ಬೇಕಾದರೂ ಬೇರೆಯಾಗಿರಲಿ. ಇಳಿಜಾರಿಗೆ ಅಡ್ಡವಾಗಿ, ತಟ್ಟು ಹೋದ ಹಾಗೆ.

ಅಡಿಕೆ ಭಾವ:
ಅಯ್ಯೋ, ಆ ಬ್ಲಾಕೇ! ನನ್ನ ಅಡಿಕೆ ತೋಟ ಸಪಾಟು, ಆದರೆ ಮರಗಳಲ್ಲಿ ಕೆಲವು ಹಳೆಯವು, ಕೆಲವು ನಡುವೆ ಸಸಿ ನೆಟ್ಟವು. ಅಲ್ಲಿ ತಟ್ಟು ಎಲ್ಲಿಂದ ತರಲಿ?

ಪೆರ್ಲ ಮಾಸ್ಟ್ರು:
ಮರದ ಪ್ರಾಯವೇ ನಿಮ್ಮ ತಟ್ಟು, ಭಾವ. ಪ್ರಾಯವೂ ಕಳೆದ ವರ್ಷದ ಗೊನೆಯೂ ಹತ್ತಿರ ಇರುವ ಮರಗಳನ್ನು ಒಂದು ಗುಂಪಾಗಿ ಹಿಡಿದು, ಗುಂಪಿನೊಳಗೆ ಚೀಟಿ ಎತ್ತಿ. ಅಕ್ಕಪಕ್ಕದ ಮರಗಳಾದರೆ ಒಂದರ ಗೊಬ್ಬರ ಇನ್ನೊಂದರ ಬೇರಿಗೆ ಹೋಗುತ್ತದೆ, ನಡುವೆ ಒಂದು ಸಾಲು ಬಿಡಿ.

ಗುಡ್ಡೆತೋಟ:
ಮಾಸ್ಟ್ರೇ, 0.034 ಬಂತು! ಸುಡುಮಣ್ಣು ಗೆದ್ದಿತು ಎಂದು ಹೇಳಬಹುದೇ?

ಪೆರ್ಲ ಮಾಸ್ಟ್ರು:
ಅವಸರ ಬೇಡ. ಮೂರೂ ಒಂದೇ ಅಲ್ಲ ಎಂದಷ್ಟೇ ಅದು ಹೇಳಿತು. ಸುಡುಮಣ್ಣಿನ ಗುಣ ತಿಳಿಯಬೇಕಾದರೆ C ಯನ್ನು B ಜೊತೆ ಹೋಲಿಸಬೇಕು. ತಟ್ಟು ತಟ್ಟಾಗಿ ಕಳೆದು ನೋಡಿ: 1, −1, 3, 3. ಮೇಲೆ ಏನೂ ಇಲ್ಲ, ಕೆಳಗಿನ ಎರಡರಲ್ಲಿ ಜಿಗಿತ. ಮೂರನೆಯ ತಟ್ಟಿನ C ತುಂಡು ಎಲ್ಲಿತ್ತು?

ಗುಡ್ಡೆತೋಟ:
ಪಡುವಣ ತುದಿಯಲ್ಲಿ. ಸುರಂಗದ ನೀರು ಬೀಳುವ ಟಾಂಕಿಯ ಪಕ್ಕ. ಟಾಂಕಿ ತುಂಬಿ ಹರಿದರೆ ಆ ಬದಿ ಒದ್ದೆಯಾಗುತ್ತದೆ. ನಾಲ್ಕನೆಯದರಲ್ಲಿ C ನಡುವೆ ಇತ್ತು, ಅಲ್ಲಿಗೆ ನೀರು ಬರುವುದಿಲ್ಲ.

ಕೃಷಿ ವಿದ್ಯಾರ್ಥಿ:
ಆ ಒಂದು ತುಂಡನ್ನು ಬಿಟ್ಟು ಲೆಕ್ಕ ಹಾಕಬಹುದಲ್ಲವೇ?

ಪೆರ್ಲ ಮಾಸ್ಟ್ರು:
ಫಲಿತಾಂಶ ನೋಡಿದ ಮೇಲೆ ಬಿಟ್ಟರೆ ನಮಗೆ ಬೇಕಾದ್ದನ್ನು ಆರಿಸಿದಂತಾಗುತ್ತದೆ. ಒದ್ದೆ ತಟ್ಟಿನ ಒಳಗೇ ಇದೆ, ಅದನ್ನು ತಟ್ಟಿನ ಲೆಕ್ಕ ಕಳೆಯಲಾರದು. ಕೆಳಗಿನ ಆಳದ ಮಣ್ಣಿನಲ್ಲಿ ಮಾತ್ರ ಸುಡುಮಣ್ಣು ಕೆಲಸ ಮಾಡುತ್ತದೆಯೋ ಏನೋ, ಅದೂ ಸಾಧ್ಯ. ಒಂದು ತಟ್ಟಿನಲ್ಲಿ ಒಂದೇ C ಇದ್ದರೆ ಇವೆರಡನ್ನು ಬೇರ್ಪಡಿಸಲು ದಾರಿಯಿಲ್ಲ.

ಗುಡ್ಡೆತೋಟ:
ಮುಂದಿನ ಬೆಳೆಗೆ ಪ್ರತಿ ತಟ್ಟಿನಲ್ಲಿ ಆರು ತುಂಡು, ಒಂದೊಂದಕ್ಕೆ ಎರಡೆರಡು ಮಾಡುತ್ತೇನೆ. ಟಾಂಕಿಯ ಕಡೆ ಹತ್ತಡಿ ಖಾಲಿ ಬಿಡುತ್ತೇನೆ. ಮೊದಲನೆಯ ತಟ್ಟು ಮಾತ್ರ ಕಿರಿದು, ಆರು ತುಂಡು ಹಿಡಿಯುವುದು ಕಷ್ಟ.