ಚುಕ್ಕಿ ಇಲ್ಲದ ತೇರು

"ರಾಯರೇ, ಈ ಸಲ ಜಾತ್ರೆ ಬ್ಯಾನರ್‌ನಲ್ಲಿ ಎಷ್ಟು ತಲೆ ಗೊತ್ತಾ? ನಲವತ್ತೆರಡು!" ಎಂದ ಸೀನ.

"ರಾವಣ ಹತ್ತಕ್ಕೇ ಸುಮ್ಮನಿದ್ದ. ದೇವರು ಇದ್ದಾನಾ?"

"ಮೂಲೆಯಲ್ಲಿದ್ದಾನೆ. ಶುಭ ಕೋರುವವರ ಪಕ್ಕ."

"ಪಾಪ, ಅವನೂ ಚಂದಾ ಕೊಟ್ಟಿರಬೇಕು."

ಬ್ಯಾನರ್ ಫೈಲು ಸಂಜೆ ಆರಕ್ಕೆ ಪ್ರಿಂಟಿಂಗ್‌ಗೆ ಹೋಗಬೇಕಿತ್ತು. ಡಿಟಿಪಿ ಅಂಗಡಿಯ ಡಿಸೈನರ್ ಚೈತ್ರಾ, ಸೀನನ ಅಕ್ಕನ ಮಗಳು, ಮೂರಕ್ಕೆ ತೆರೆದು ನೋಡಿದಳು. ನಟ್ಟನಡುವೆ ದಪ್ಪಕ್ಷರದಲ್ಲಿ 'ಬ್ರಹ್ಮರಧೋತ್ಸವ'!

"ಕಮಿಟಿಯವರು ನೋಡಿರಲಿಲ್ವಾ?" ಎಂದರು ವಿಮಲಮ್ಮ.

"ವಾಟ್ಸಾಪ್‌ನಲ್ಲಿ ನಾಲ್ಕು ದಿನ ನೋಡಿದ್ದಾರೆ. ಎಲ್ಲರೂ ಅವರವರ ಮುಖ ಹುಡುಕಿ ಓಕೆ ಅಂದಿದ್ದಾರೆ."

"ಹಾಗಾದರೆ ಅವಳು ಕಳಿಸಿದ್ದು ಪ್ರೂಫ್ ಅಲ್ಲ, ಕನ್ನಡಿ" ಎಂದರು ರಾಯರು.

"ಅಳಿಸಿ ಟೈಪ್ ಮಾಡಿದರೆ ಆಯ್ತಪ್ಪ."

"ಆಗಲ್ಲ ವಿಮಲಮ್ಮ. ಕೋರೆಲ್‌ಡ್ರಾ ಫೈಲು. ಪ್ರೆಸ್‌ನವರ ಕಂಪ್ಯೂಟರಿನಲ್ಲಿ ಆ ನುಡಿ ಫಾಂಟ್ ಇಲ್ಲದಿದ್ದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತೆ. ಅದಕ್ಕೇ ಮೊದಲೇ ಎಲ್ಲ ಕರ್ವ್ ಮಾಡಿಬಿಡುತ್ತಾರೆ. ಆಮೇಲೆ ಅದು ಅಕ್ಷರವಲ್ಲ, ಬರೀ ಚಿತ್ರ. ಯಾವ ಫಾಂಟ್ ಅಂತಲೂ ಫೈಲು ಹೇಳಲ್ಲ. ಕರ್ವ್ ಮಾಡದ ಮೂಲ ಫೈಲನ್ನು ಯಾರೂ ಉಳಿಸಿರಲಿಲ್ಲ."

"ಮತ್ತೆ?"

"ಧ-ದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ಥ, ಅಲ್ವಾ? ಎಲಿಪ್ಸ್ ಟೂಲ್ ಹಿಡಿದು, ಕಂಟ್ರೋಲ್ ಒತ್ತಿ ದುಂಡಗೆ ಎಳೆದಳು. ಆದರೆ ಅಕ್ಷರಗಳಿಗೆಲ್ಲ ಬಿಳಿ ಅಂಚು, ಚುಕ್ಕಿಗೆ ಇಲ್ಲ. ನೊಣ ಕೂತ ಹಾಗೆ ಕಂಡಿತು. ಮೇಲೆ 'ಮಂಜುನಾಥ' ಅಂತ ಚಿಕ್ಕದಾಗಿ ಬರೆದಿತ್ತು. ಆ ಥ-ದ ಚುಕ್ಕಿಯನ್ನೇ ಕಾಪಿ ಮಾಡಿ ದೊಡ್ಡದು ಮಾಡಿ ಕೂರಿಸಿದಳು, ಅಂಚನ್ನೂ ಹೊಂದಿಸಿದಳು. ಒಂದು ಅಡಿಗೆ ಒಂದು ಇಂಚು ಲೆಕ್ಕದ ಫೈಲು ಅದು. ಅದರಲ್ಲಿ 4 ಮಿಲಿಮೀಟರ್ ಇದ್ದ ಚುಕ್ಕಿ, ಪ್ರಿಂಟ್ ಆದಾಗ ಹನ್ನೆರಡು ಪಟ್ಟು. 48 ಮಿಲಿಮೀಟರ್!"

"ಅಂದರೆ ದೇವರ ಹೆಸರಿನಿಂದ ಸಾಲ ತೆಗೆದು ದೇವರ ತೇರು ಎಳೆದಳು" ಎಂದರು ರಾಯರು.

"ಒಪ್ಪಿಗೆಯಾದ ಫೈಲು ಮುಟ್ಟುವ ಹಾಗಿಲ್ಲ ಅಂತ ಅಧ್ಯಕ್ಷರಿಗೂ ಫೋನ್ ಮಾಡಿದಳು. 'ಚುಕ್ಕಿ ಇಡಮ್ಮ, ಆದರೆ ನನ್ನ ಮುಖದ ಮೇಲೆ ಬರೋದು ಬೇಡ' ಅಂದರಂತೆ."

ರಾಯರು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತರು.

"ನಂಜನಗೂಡಲ್ಲಿ ಐದು ತೇರು ಎಳೀತಾರೆ. ಆ ಜಾತ್ರೆಗೂ ಒಂದು ಕಾಲದಲ್ಲಿ ಬ್ಯಾನರನ್ನು ಬಟ್ಟೆ ಮೇಲೆ ಕುಂಚದಲ್ಲೇ ಬರೀತಿದ್ದರು ಕಣಯ್ಯ. ನಮ್ಮೂರಲ್ಲಿ ಬರೆಯುವವನು ಏಣಿ ಮೇಲಿದ್ದರೆ, ಕೆಳಗೆ ಹತ್ತು ಜನ ಓದುತ್ತಾ ನಿಂತಿರುತ್ತಿದ್ದರು. ದೀರ್ಘ ತಪ್ಪಿದರೆ ಸಾಕು, ಸೊಪ್ಪಿನವಳೂ ಕೂಗಿ ಹೇಳುತ್ತಿದ್ದಳು. ಬೈಗುಳ ಜಾಸ್ತಿ ಇತ್ತು, ಆದರೆ ಓದುತ್ತಿದ್ದರು."

"ಈಗಲೂ ಓದುತ್ತಾರೆ ರಾಯರೇ. ಬ್ಯಾನರ್ ಕಟ್ಟಿದ ಅರ್ಧ ಗಂಟೆಗೇ ಚೈತ್ರಾಗೆ ಫೋನ್ ಬಂತು."

"ಹೌದಾ! ಚುಕ್ಕಿ ನೋಡಿ?"

"ಖಜಾಂಚಿಯವರದು. ಕಾರ್ಯದರ್ಶಿಗಿಂತ ಇವರ ಫೋಟೋ ಎರಡು ಇಂಚು ಚಿಕ್ಕದಂತೆ."