ಅಪ್‌ಡೇಟ್: ಡಿ ಅಂಡ್ ಸಿ ನಂತರ ಮುಟ್ಟು ಕಡಿಮೆ ಆಗಿದ್ದಕ್ಕೆ ಕಾರಣ ಸಿಕ್ಕಿತು

ನಾನು ಕೇಳಿದ್ದು: "ಗರ್ಭಪಾತವಾಗಿ, ಗರ್ಭಕೋಶವನ್ನು ಕೆರೆದು ಸ್ವಚ್ಛ ಮಾಡುವ ಡಿ ಅಂಡ್ ಸಿ ಮಾಡಿಸಿದ ಮೇಲೆ ಮುಟ್ಟು ಬರೀ ಕಲೆಯಷ್ಟು, ಹೊಟ್ಟೆನೋವು ಮಾತ್ರ ಜಾಸ್ತಿ. ಹಾರ್ಮೋನ್ ಸರಿ ಇದೆ. ಏನಿರಬಹುದು?"

ಹಿಸ್ಟೆರೋಸ್ಕೋಪಿ ಆಯಿತು. ಆಶರ್‌ಮನ್ ಸಿಂಡ್ರೋಮ್ ಅಂತೆ, ಅಂದರೆ ಗರ್ಭಕೋಶದ ಒಳಗೆ ಗಾಯದ ಕಲೆಯಾಗಿ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದು. ಮಾಮೂಲಿ ಸ್ಕ್ಯಾನ್‌ನಲ್ಲಿ ಒಳಪದರ ತೆಳು ಎಂದಷ್ಟೇ ಬಂದಿತ್ತು. ಗರ್ಭಕೋಶದ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವಲ್ವಾ, ಅಂಟಿದ್ದು ಗೊತ್ತಾಗುವುದು ಕಷ್ಟ. ಹಿಸ್ಟೆರೋಸ್ಕೋಪಿಯಲ್ಲಿ ಸಲೈನ್ ತುಂಬಿ ಗೋಡೆಗಳನ್ನು ದೂರ ಮಾಡಿ, ಕ್ಯಾಮೆರಾದಲ್ಲಿ ನೇರ ನೋಡುತ್ತಾರೆ. ಕೆಳಗೆ, ಗರ್ಭಕಂಠದ ಹತ್ತಿರ ಬಿಳಿ ಪಟ್ಟಿಗಳು ಅಡ್ಡ ಬೆಳೆದಿದ್ದವು. ಮೇಲಿನ ಪದರ ಚೆನ್ನಾಗಿತ್ತು. ಅಂದರೆ ರಕ್ತ ಬರುತ್ತಿತ್ತು, ಹೊರಗೆ ಹೋಗಲು ಸರಿಯಾದ ದಾರಿ ಇರಲಿಲ್ಲ. ನೋವು ಅದಕ್ಕೇ.

ಪಟ್ಟಿಗಳನ್ನು ಸಣ್ಣ ಕತ್ತರಿಯಲ್ಲೇ ಬಿಡಿಸಿದರು. ಕರೆಂಟ್ ಬಳಸಿದರೆ ಉಳಿದ ಪದರ ಸುಡಬಹುದಂತೆ. ಮತ್ತೆ ಅಂಟದಂತೆ ಒಳಗೆ ಬಲೂನ್ ಇಟ್ಟು, ಈಸ್ಟ್ರೋಜನ್ ಮಾತ್ರೆ ಕೊಟ್ಟರು. ಆದರೂ ಅಂಟಬಹುದು, ಹಾಗಾಗಿ ಇನ್ನೊಮ್ಮೆ ನೋಡುತ್ತಾರೆ.

ಈಗ ಮುಟ್ಟು ಸರಿಯಾಗಿ ಬರುತ್ತಿದೆ. ಅಷ್ಟಕ್ಕೇ ಗರ್ಭ ನಿಲ್ಲುತ್ತದೆ ಎಂದಲ್ಲ. ಗಾಯದ ಕಲೆ ಇರುವ ಕಡೆ ಭ್ರೂಣ ಕೂರುವುದು ಕಷ್ಟ, ಕೂತರೂ ಗರ್ಭಪಾತದ ಭಯ ಇರುತ್ತದೆ. ಮಾಸು ಗರ್ಭಕೋಶಕ್ಕೆ ಆಳವಾಗಿ ಅಂಟಿಕೊಂಡು ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಬಹುದು. ಮುಂದೆ ಗರ್ಭಿಣಿಯಾದರೆ ಈ ಆಪರೇಷನ್ ವಿಷಯ ಮೊದಲೇ ಹೇಳಿ ಎಂದಿದ್ದಾರೆ ಡಾಕ್ಟರ್.